ಕಲ್ಲಿನ ಲೆಕ್ಕ, ಹಗ್ಗದ ಲೆಕ್ಕ

ಅಹಮದಾಬಾದಿನಲ್ಲಿ ನಾನು ಪಂಪು ಮಾರುವ ಕೆಲಸದಲ್ಲಿದ್ದೆ. ಮಾರುವುದು ಎಂದರೆ ಅಂಗಡಿಯಲ್ಲಿ ಕೂತು ಬಿಲ್ಲು ಬರೆಯುವುದಲ್ಲ. ರೈತರ ಹೊಲಕ್ಕೆ ಹೋಗಿ, ಬಾವಿ ನೋಡಿ, ನೀರು ಎಷ್ಟು ಕೆಳಗಿದೆ, ಅದನ್ನು ಎಷ್ಟು ಮೇಲಕ್ಕೆ ತಳ್ಳಬೇಕು ಎಂದು ಅಂದಾಜು ಮಾಡಿ, ಇಂಥ ಪಂಪು ಇಷ್ಟು ಅಶ್ವಶಕ್ತಿಯದ್ದು ಬೇಕು ಎಂದು ಹೇಳಬೇಕು. ನೀರಿನ ಮಟ್ಟ ತಪ್ಪಿದರೆ ಪಂಪಿನ ಆಯ್ಕೆಯೂ ತಪ್ಪುತ್ತದೆ. ಗದಗಿನ ಕಡೆಯವನಾದ ನನಗೆ ಬಾವಿ ಹೊಸದೇನಲ್ಲ. ನಮ್ಮೂರಲ್ಲಿ ಬಾವಿಯ ಆಳವನ್ನು ಮಾರಿನಲ್ಲಿ ಹೇಳುತ್ತಿದ್ದರು: ಎಂಟು ಮಾರು ಹಗ್ಗದ ಬಾವಿ, ಹತ್ತು ಮಾರು ಹಗ್ಗದ ಬಾವಿ. ಎರಡೂ ಕೈ ಚಾಚಿದರೆ ಒಂದು ಮಾರು, ಹೆಚ್ಚು ಕಡಿಮೆ ಆರಡಿ. ಹಗ್ಗ ಸೇದುವವರಿಗೆ ಆಳ ಗೊತ್ತಿರುತ್ತಿತ್ತು, ಯಾರೂ ಕಲ್ಲು ಹಾಕಿ ಕೇಳುತ್ತಿರಲಿಲ್ಲ.

ಕಲ್ಲಿನ ವಿದ್ಯೆ ನನಗೆ ಕಂಡದ್ದು ಗುಜರಾತಿನಲ್ಲಿ, ನಮ್ಮ ಜತೆ ಪಂಪು ಇಳಿಸಲು ಬರುತ್ತಿದ್ದ ಹಿರಿಯ ಮಿಸ್ತ್ರಿಯಿಂದ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ವಡೋದರಾ ಜಿಲ್ಲೆಯ ಪಾದ್ರಾ ತಾಲೂಕಿನ ಒಂದು ಹೊಲದಲ್ಲಿ ಹಳೆಯ ಇಟ್ಟಿಗೆ ಕಟ್ಟಿದ ದುಂಡು ಬಾವಿ. ಕಾಕಾ ಕಟ್ಟೆಯ ಮೇಲೆ ಬಗ್ಗಿ ಒಂದು ಕಲ್ಲು ಬಿಟ್ಟರು. ಗೋಡೆಯ ಸಂದಿನಿಂದ ಪಾರಿವಾಳಗಳು ಬಡಬಡನೆ ಮೇಲೆದ್ದವು. ಅವು ಸುಮ್ಮನಾದ ಮೇಲೆ ಇನ್ನೊಂದು ಕಲ್ಲು ಬಿಟ್ಟು ಕಿವಿ ಕೊಟ್ಟರು. "ಅರವತ್ತು ಅಡಿ" ಅಂದರು.

ನನ್ನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇತ್ತು. ಪಿಯುಸಿಯಲ್ಲಿ ಕಲಿತ ಸೂತ್ರ ಮರೆತಿರಲಿಲ್ಲ. ಬಿಟ್ಟ ಕಲ್ಲು ಬೀಳುವ ದೂರ h = ½gt², ಅಂದರೆ ಸೆಕೆಂಡಿನ ವರ್ಗವನ್ನು 4.9ರಿಂದ ಗುಣಿಸಿದರೆ ಮೀಟರು. ಎಡಗೈಯಿಂದ ಕಲ್ಲು ಬಿಡುವಾಗಲೇ ಬಲಗೈಯ ಹೆಬ್ಬೆರಳಿನಿಂದ ಗುಂಡಿ ಒತ್ತಿದೆ, ಸದ್ದು ಕೇಳಿದಾಗ ಮತ್ತೆ ಒತ್ತಿದೆ. 2.1, 2.3, 2.2 ಹೀಗೆ ಬಂದವು. ಸರಾಸರಿ 2.2 ಎಂದು ಹಿಡಿದರೆ ಆಳ 23.7 ಮೀಟರು, ಎಪ್ಪತ್ತೆಂಟು ಅಡಿ ಸಮೀಪ. "ಕಾಕಾ, ನಿಮ್ಮ ಲೆಕ್ಕ ಹದಿನೆಂಟು ಅಡಿ ಕಡಿಮೆ ಬಿತ್ತು" ಎಂದೆ. ಅವರು ಮಾತಾಡಲಿಲ್ಲ. ಚೀಲದಿಂದ ಹಗ್ಗ ತೆಗೆದು, ತುದಿಗೆ ಕಬ್ಬಿಣದ ಗುಂಡು ಕಟ್ಟಿ, ಕೊನೆಯ ಎರಡು ಮೀಟರಿಗೆ ಸೀಮೆಸುಣ್ಣ ತಿಕ್ಕಿ ಇಳಿಸಿದರು. ಸೀಮೆಸುಣ್ಣ ತಿಕ್ಕುವುದು ಯಾಕೆಂದರೆ ನೀರು ಮುಟ್ಟಿದ ಗೆರೆ ಎದ್ದು ಕಾಣುತ್ತದೆ. ಗುಂಡು ನೀರು ಮುಟ್ಟಿತೋ ಇಲ್ಲವೋ ಎಂದು ಕೈಯ ಭಾರದಿಂದ ಊಹಿಸುವ ಗೋಜು ಇರುವುದಿಲ್ಲ. ಮೇಲೆಳೆದು ಟೇಪಿನಿಂದ ಅಳೆದೆವು. ಕಟ್ಟೆಯಿಂದ ಒದ್ದೆಯ ಗೆರೆಗೆ 18.4 ಮೀಟರು. ಅರವತ್ತು ಅಡಿಯ ಮೇಲೆ ನಾಲ್ಕೈದು ಇಂಚು. ನಮ್ಮೂರ ಲೆಕ್ಕದಲ್ಲಿ ಹತ್ತು ಮಾರು.

ಐದು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಎಲ್ಲಿಂದ ಬಂತು? ಅಂದು ರಾತ್ರಿ ವಡೋದರಾದ ವಸತಿಗೃಹದಲ್ಲಿ ಕೂತು ನಾನು ಮೊದಲು ಅನುಮಾನ ಪಟ್ಟದ್ದು ಸದ್ದಿನ ಮೇಲೆ. ಕಲ್ಲು ನೀರಿಗೆ ಬಿದ್ದ ಮೇಲೆ ಸದ್ದು ಮೇಲೆ ಬರಲೂ ಹೊತ್ತು ಹಿಡಿಯುತ್ತದಲ್ಲ. ಗಡಿಯಾರ ತೋರಿಸುವುದು ಎರಡರ ಮೊತ್ತ: ಬೀಳುವ ಹೊತ್ತು ಮತ್ತು ಏರುವ ಹೊತ್ತು.

t = √(2h/g) + h/c

c ಎಂದರೆ ಗಾಳಿಯಲ್ಲಿ ಸದ್ದಿನ ವೇಗ, ಗುಜರಾತಿನ ಬೆಚ್ಚನೆಯ ಹವೆಯಲ್ಲಿ ಸೆಕೆಂಡಿಗೆ 350 ಮೀಟರು ಎನ್ನಬಹುದು. ಇದನ್ನು ಬಿಡಿಸಲು ವರ್ಗಸಮೀಕರಣ ಬೇಕು, ಆದರೆ ಹೊಲದಲ್ಲಿ ನಿಂತು ಮಾಡಲು ಸುಲಭದ ದಾರಿ ಇದೆ. ಮೊದಲು ಸದ್ದನ್ನು ಮರೆತು ಆಳ ತೆಗೆಯಿರಿ. ಅದನ್ನು 350ರಿಂದ ಭಾಗಿಸಿದರೆ ಸದ್ದು ಏರಿದ ಹೊತ್ತು ಸಿಗುತ್ತದೆ. ಅದನ್ನು ಗಡಿಯಾರದ ಹೊತ್ತಿನಿಂದ ಕಳೆದು ಮತ್ತೆ ಆಳ ತೆಗೆಯಿರಿ. ಇನ್ನೊಂದು ಸಲ ಹೀಗೇ ಮಾಡಿದರೆ ಉತ್ತರ ಒಂದು ಕಡೆ ನಿಲ್ಲುತ್ತದೆ. 2.2 ಸೆಕೆಂಡಿಗೆ ಹಾಗೆ ಮಾಡಿದಾಗ ಬಂದದ್ದು 22.4 ಮೀಟರು. ಐದು ಮೀಟರಿನ ತಪ್ಪಿನಲ್ಲಿ ಸದ್ದಿನ ಪಾಲು ಒಂದೂಕಾಲು ಮೀಟರು ಮಾತ್ರ. ಉಳಿದ ನಾಲ್ಕು ಮೀಟರು ಬೇರೆ ಎಲ್ಲೋ ಇತ್ತು.

ಅದು ನನ್ನ ಹೆಬ್ಬೆರಳಿನಲ್ಲಿತ್ತು. ಕಲ್ಲನ್ನು ನಾನೇ ಬಿಡುವುದರಿಂದ ಶುರುವಿನ ಒತ್ತು ಸರಿಯಾಗಿ ಬೀಳುತ್ತದೆ. ಎರಡೂ ಕೈ ನನ್ನವೇ. ಕೊನೆಯ ಒತ್ತು ಹಾಗಲ್ಲ. ಸದ್ದು ಕಿವಿಗೆ ಬಿದ್ದು, ತಲೆಗೆ ಹೋಗಿ, ಬೆರಳಿಗೆ ಇಳಿಯುವುದಕ್ಕೆ ಸೆಕೆಂಡಿನ ಹತ್ತನೇ ಒಂದೂವರೆ ಪಾಲಾದರೂ ಬೇಕು. ಇಷ್ಟು ಸಣ್ಣ ಹೊತ್ತು ಏನು ಮಹಾ ಅನಿಸುತ್ತದೆ. ಆದರೆ ಅರವತ್ತು ಅಡಿ ಬಿದ್ದ ಕಲ್ಲು ನೀರು ಮುಟ್ಟುವಾಗ ಸೆಕೆಂಡಿಗೆ 19 ಮೀಟರು ವೇಗದಲ್ಲಿರುತ್ತದೆ. ಸೂತ್ರಕ್ಕೆ ನನ್ನ ಬೆರಳಿನ ಆಲಸ್ಯ ಗೊತ್ತಿಲ್ಲ. ಕಲ್ಲು ಅಷ್ಟು ಹೊತ್ತೂ ಬೀಳುತ್ತಲೇ ಇತ್ತು ಎಂದು ಅದು ನಂಬುತ್ತದೆ, ಅದೂ ಆ ಕೊನೆಯ ವೇಗದಲ್ಲಿ. ಸದ್ದಿನ ಪಾಲು ಕಳೆದರೂ ಆ ಆಳದಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಎಂದರೆ 1.8 ಮೀಟರು, ನೆಟ್ಟಗೆ ಒಂದು ಮಾರು ಹಗ್ಗ.

ಇನ್ನೊಂದು ಸಂಗತಿ ನಿಧಾನಕ್ಕೆ ಹೊಳೆಯಿತು. ದೊಡ್ಡ ಕಲ್ಲು ನೀರಿಗೆ ಬಿದ್ದಾಗ ಎರಡು ಸದ್ದು ಬರುತ್ತವೆ. ಮೊದಲು ಕಲ್ಲು ನೀರಿನ ಮೈಗೆ ಹೊಡೆದ 'ಟಪ್'. ಆಮೇಲೆ ಕಲ್ಲು ಕೊರೆದ ಗಾಳಿಯ ಗುಂಡಿ ಮುಚ್ಚಿಕೊಳ್ಳುವಾಗಿನ 'ಗುಳುಂ'. ಮುಷ್ಟಿಯಷ್ಟಿರುವ ಕಲ್ಲಿಗೆ ಇವೆರಡರ ನಡುವೆ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಅಂತರ ಇರಬಹುದು. ಕಿವಿಗೆ ತುಂಬಿ ಕೇಳುವುದು ಎರಡನೆಯದು, ಬೆರಳು ಒತ್ತುವುದೂ ಅದಕ್ಕೇ. ಲೆಕ್ಕಕ್ಕೆ ಬೇಕಾದದ್ದು ಮೊದಲನೆಯದು. ಜತೆಗೆ ಗಾಳಿಯ ತಡೆ ಇದೆ. ನಿಂಬೆಹಣ್ಣಿನಷ್ಟು ಕಲ್ಲನ್ನು ಅರವತ್ತು ಅಡಿಯ ಬಾವಿಗೆ ಬಿಟ್ಟರೆ ಗಾಳಿ ಅದನ್ನು ತಡೆದದ್ದಕ್ಕೇ ಆಳ ಸುಮಾರು ಅರ್ಧ ಮೀಟರು ಹೆಚ್ಚು ತೋರುತ್ತದೆ. ಮುಷ್ಟಿಗಾತ್ರದ ಕಲ್ಲಾದರೆ ಒಂದು ಗೇಣಿನಷ್ಟು.

ನನಗೆ ಸೋಜಿಗ ಅನಿಸಿದ್ದು ಇಲ್ಲಿ. ಬೇರೆ ಅಳತೆಗಳಲ್ಲಿ ತಪ್ಪುಗಳು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಸತ್ಯದ ಹತ್ತಿರ ಬರುತ್ತೇವೆ ಎಂಬ ನಂಬಿಕೆ ಅದರಿಂದಲೇ ಬಂದದ್ದು. ಬಾವಿಯ ಕಲ್ಲಿನಲ್ಲಿ ಹಾಗಿಲ್ಲ. ಸದ್ದು ತಡವಾಗಿ ಬರುತ್ತದೆ, ಬೆರಳು ತಡವಾಗಿ ಒತ್ತುತ್ತದೆ, ಕಿವಿ ಎರಡನೇ ಸದ್ದಿಗೆ ಕಾಯುತ್ತದೆ, ಗಾಳಿ ಕಲ್ಲನ್ನು ಹಿಡಿಯುತ್ತದೆ, ಕಲ್ಲು ಗೋಡೆಗೆ ತಾಗಿದರೆ ಅದರ ವೇಗ ಕುಗ್ಗುತ್ತದೆ. ಐದೂ ತಡ, ಐದೂ ಬಾವಿಯನ್ನು ಆಳ ಮಾಡುತ್ತವೆ. ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಆ ತಪ್ಪು ಹಾಗೇ ಕೂತಿರುತ್ತದೆ. ಆಳ ಕಡಿಮೆ ತೋರಬೇಕಾದರೆ ಕಲ್ಲನ್ನು ಬಿಡದೆ ಕೆಳಕ್ಕೆ ಎಸೆಯಬೇಕು, ಇಲ್ಲವೇ ಸದ್ದು ಬರುವ ಮೊದಲೇ ಬೆರಳು ಒತ್ತಬೇಕು.

ಕಾಕಾ ಹೇಗೆ ಸರಿ ಹೇಳಿದರು? ಮರುದಿನ ಕೇಳಿದೆ. "ಲೆಕ್ಕ ಏನಿಲ್ಲ ಭಾಯ್, ಕಲ್ಲು ಬಿಡೋದು, ಆಮೇಲೆ ಹಗ್ಗ ಬಿಡೋದು. ಹುಡುಗ ಆಗಿದ್ದಾಗಿಂದ ಇದೇ ಕೆಲಸ" ಎಂದರು. ಅಷ್ಟರಲ್ಲೇ ಉತ್ತರ ಇತ್ತು. ಅವರು ಸೆಕೆಂಡನ್ನು ಅಡಿಗೆ ತಿರುಗಿಸುತ್ತಿರಲಿಲ್ಲ. ಇಂಥ ತಡಕ್ಕೆ ಇಂಥ ಹಗ್ಗ ಎಂದು ಕಿವಿಗೆ ರೂಢಿ ಮಾಡಿಸಿದ್ದರು. ಸದ್ದಿನ ತಡ, ಗುಳುಂ ಎನ್ನುವ ತಡ, ಎಲ್ಲವೂ ಆ ರೂಢಿಯೊಳಗೆ ಮೊದಲೇ ಸೇರಿಹೋಗಿದ್ದವು. ಹಗ್ಗದ ಜತೆ ಹೋಲಿಸಿ ಕಲಿತದ್ದರಿಂದ ಅವರು ಅವನ್ನು ಬೇರೆಯಾಗಿ ಕಳೆಯಬೇಕಾಗಿರಲಿಲ್ಲ.

ನಾನೂ ಅದನ್ನೇ ಸಣ್ಣದಾಗಿ ಮಾಡಿದೆ. ನಮ್ಮ ಗೋದಾಮಿನ ಮಾಳಿಗೆಯ ಅಂಚಿನಿಂದ ಕೆಳಗಿನ ನೀರಿನ ತೊಟ್ಟಿಗೆ ಟೇಪು ಇಳಿಬಿಟ್ಟಾಗ 12 ಮೀಟರು. ಬೀಳುವ ಹೊತ್ತು ಮತ್ತು ಸದ್ದಿನ ಹೊತ್ತು ಸೇರಿ 1.6 ಸೆಕೆಂಡು ಬರಬೇಕು. ಕೆಳಗೆ ಯಾರೂ ಓಡಾಡದಂತೆ ಒಬ್ಬನನ್ನು ನಿಲ್ಲಿಸಿ, ಅದೇ ಕೈ, ಅದೇ ಮೊಬೈಲು, ಅದೇ ಗಾತ್ರದ ಕಲ್ಲು ಇಟ್ಟುಕೊಂಡು ಮತ್ತೆ ಮತ್ತೆ ಬಿಟ್ಟೆ. ಸರಾಸರಿ 1.8 ಬಂತು. ಅಲ್ಲಿಗೆ ನನ್ನ ತಡ 0.2 ಸೆಕೆಂಡು. ಪಾದ್ರಾದ 2.2ರಿಂದ 0.2 ಕಳೆದರೆ 2.0. ಸದ್ದು ಕಳೆದು ಲೆಕ್ಕ ಹಾಕಿದರೆ 18.6 ಮೀಟರು. ಹಗ್ಗ ಹೇಳಿದ್ದು 18.4. ಇನ್ನೊಬ್ಬರ ಬೆರಳಿಗೆ ಈ 0.2 ಸಲ್ಲುವುದಿಲ್ಲ, ಅವರವರ ತಡವನ್ನು ಅವರವರೇ ಗೊತ್ತಿರುವ ಎತ್ತರದಿಂದ ಕಂಡುಕೊಳ್ಳಬೇಕು.

ಬೆರಳನ್ನು ಪೂರ್ತಿ ಬಿಟ್ಟುಬಿಡುವ ಉಪಾಯವನ್ನು ಹೇಳಿಕೊಟ್ಟವನು ವಡೋದರಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ, ನಮ್ಮ ಕಡೆಯ ಒಬ್ಬ ಹುಡುಗ. ಕಲ್ಲನ್ನು ದಾರಕ್ಕೆ ಕಟ್ಟಿ ಕಟ್ಟೆಯ ಮಟ್ಟದಲ್ಲಿ ತೂಗುಬಿಡಿ, ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಓಡುತ್ತಿರಲಿ, ದಾರವನ್ನು ಕತ್ತರಿಯಿಂದ ಕತ್ತರಿಸಿ. ಕತ್ತರಿಯ 'ಚಕ್' ಸದ್ದೇ ಶುರು. ಕೆಳಗಿನ 'ಟಪ್' ಕೊನೆ. ಎರಡೂ ಒಂದೇ ಧ್ವನಿಮುದ್ರಣದಲ್ಲಿರುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದರೆ ಸದ್ದು ಗೆರೆಯಾಗಿ ಕಾಣುತ್ತದೆ, ಎರಡು ಮುಳ್ಳುಗಳ ನಡುವಿನ ಅಂತರವನ್ನು ಸೆಕೆಂಡಿನ ಸಾವಿರದ ಪಾಲಿನಲ್ಲಿ ಓದಬಹುದು. ಎರಡನೇ ಕಡೆ ಎದ್ದು ಕಾಣುವ ದೊಡ್ಡ ಮುಳ್ಳನ್ನು ಹಿಡಿಯಬಾರದು, ಅದು ಗುಳುಂ ಅಥವಾ ದುಂಡು ಗೋಡೆಯ ಮಾರ್ದನಿ ಇರುತ್ತದೆ. ಮೊದಲು ಎದ್ದ ಸಣ್ಣ ಮುಳ್ಳೇ ನಮ್ಮದು. ಅದಕ್ಕೂ ಮುಂಚೆ ಇನ್ನೊಂದು 'ಟಕ್' ಕಂಡರೆ ಕಲ್ಲು ಗೋಡೆಗೋ ಹಳೆಯ ಪೈಪಿಗೋ ತಾಗಿದೆ ಎಂದರ್ಥ, ಆ ಸಲದ್ದನ್ನು ಬಿಟ್ಟುಬಿಡಬೇಕು.

ಆ ವಾರವೇ ಪಾದ್ರಾದ ಬಾವಿಯಲ್ಲಿ ಹೀಗೆ ಮಾಡಿದಾಗ ಬಂದದ್ದು 2.00 ಸೆಕೆಂಡು. ಸದ್ದನ್ನು ಮರೆತರೆ 19.6 ಮೀಟರು. ಸದ್ದನ್ನು ಕಳೆದರೆ 18.57. ಹಗ್ಗ ಅಂದೂ 18.4 ಹೇಳಿತು. ಉಳಿದ ಒಂದು ಗೇಣು ಗಾಳಿಯ ತಡೆಯ ಪಾಲು. ಬೆರಳಿನ ಕಾಲದಲ್ಲಿ ನಾಲ್ಕು ಮೀಟರಿನ ತಪ್ಪಿನ ಮುಂದೆ ಸದ್ದಿನ ತಿದ್ದುಪಡಿ ಸಣ್ಣದಾಗಿ ಕಂಡಿತ್ತು, ಕತ್ತರಿ ಬಂದ ಮೇಲೆ ಅದೇ ಎಲ್ಲಕ್ಕಿಂತ ದೊಡ್ಡದಾಯಿತು. ಹುಡುಗನಿಗೆ ಉಷ್ಣಾಂಶದ ಚಿಂತೆ: ಬಾವಿಯೊಳಗೆ ತಂಪು, ಹೊರಗೆ ಬಿಸಿಲು, c ಎಷ್ಟು ಹಿಡಿಯಬೇಕು? ಲೆಕ್ಕ ಹಾಕಿ ನೋಡಿದೆವು. 20 ಡಿಗ್ರಿಯಲ್ಲಿ ಸದ್ದಿನ ವೇಗ 343, 35 ಡಿಗ್ರಿಯಲ್ಲಿ 352. ಈ ಆಳಕ್ಕೆ ಅದರಿಂದ ಬರುವ ವ್ಯತ್ಯಾಸ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಚಿಂತೆ ಬಿಟ್ಟು ಚಹಾ ಕುಡಿಯಲು ಹೋದೆವು.

ಅಹಮದಾಬಾದಿನಲ್ಲಿ ಈ ವಿದ್ಯೆಗೆ ಕೆಲಸವೇ ಇರಲಿಲ್ಲ. ಅಸಾರ್ವಾದ ದಾದಾ ಹರೀರ್ ವಾವ್, ನಗರದ ಉತ್ತರಕ್ಕಿರುವ ಅಡಾಲಜ್ ವಾವ್, ಎರಡೂ 1499ರ ಆಸುಪಾಸಿನವು. ಅಡಾಲಜಿನದು ಐದು ಅಂತಸ್ತು. ಮೆಟ್ಟಿಲಿಳಿದು ನೀರಿನ ಬಳಿಗೇ ಹೋಗುವ ಬಾವಿಗೆ ಕಲ್ಲು ಯಾತಕ್ಕೆ? ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಿ ಬೆಳೆದ ನನಗೆ ಅವು ನೆಂಟರಂತೆ ಕಂಡವು. ಸಂರಕ್ಷಿತ ಸ್ಮಾರಕಗಳಲ್ಲಿ ಕಲ್ಲು ಹಾಕುವುದು ಹೇಗೂ ಸಲ್ಲ. ಆದರೂ ಕೂತಲ್ಲೇ ಲೆಕ್ಕ ಮಾಡಬಹುದು. ನೂರು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವ ಪಾಟಣದ ರಾಣಿ ಕೀ ವಾವ್‌ನ ಬಾವಿ 30 ಮೀಟರು ಆಳದ್ದು. ಬಾಯಿಂದ ತಳದ ತನಕ ಕಲ್ಲು ಬಿದ್ದು ಸದ್ದು ಬರಲು ಎರಡೂವರೆ ಸೆಕೆಂಡಿನ ಮೇಲೆ ಒಂದಿಷ್ಟು ಬೇಕು. ತಳದ ತನಕ ಎಂದದ್ದು ಬೇಕೆಂದೇ: ಕಲ್ಲು ಹೇಳುವುದು ನೀರಿನ ಮಟ್ಟವನ್ನು, ಬಾವಿಯ ಆಳವನ್ನಲ್ಲ. ಅದರ ಕೆಳಗೆ ಎಷ್ಟು ನೀರಿದೆ ಎಂಬುದು ಹಗ್ಗಕ್ಕೆ ಮಾತ್ರ ಗೊತ್ತು. ಅಹಮದಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ತೆರೆದ ಬಾವಿಗಳಿಗೆ ಬಿಟ್ಟ ಕಲ್ಲು 'ಧಬ್' ಎನ್ನುತ್ತಿತ್ತು, ಒಣ ಮಣ್ಣಿನ ಸದ್ದು. ನೀರು ಅವುಗಳ ತಳ ಬಿಟ್ಟು ಎಷ್ಟೋ ಕೆಳಗೆ, ಕೊಳವೆಬಾವಿಗಳ ಪಾಲಾಗಿತ್ತು. ಕೊಳವೆಬಾವಿಗೆ ಮಾತ್ರ ಯಾರೂ ಕಲ್ಲು ಹಾಕಬಾರದು. ಪೈಪಿನ ಗೋಡೆಗೂ ಪಂಪಿಗೂ ನಡುವೆ ಕಲ್ಲು ಸಿಕ್ಕಿಕೊಂಡರೆ ಪಂಪು ಮೇಲೆ ಬರುವುದೇ ಇಲ್ಲ. ಅಲ್ಲಿ ಎರಡು ತಂತಿಯ ಟೇಪು ಇಳಿಸುತ್ತೇವೆ, ತುದಿ ನೀರು ಮುಟ್ಟಿದೊಡನೆ ಮೇಲಿನ ಪೆಟ್ಟಿಗೆ ಕಿರುಗುಟ್ಟುತ್ತದೆ.

ಸೂರತ್ತಿನ ಕಡೆ ಹೋದರೆ ಸಂಗತಿ ತಿರುಗಾ ಮುರುಗಾ. ತಾಪಿಯ ಬಯಲು, ಕಾಕ್ರಾಪಾರ್ ಕಾಲುವೆಯ ನೀರು, ಕಬ್ಬಿನ ಹೊಲಗಳು. ಬಾವಿಗೆ ಬಗ್ಗಿದರೆ ಮುಖ ಕಾಣುವಷ್ಟು ಹತ್ತಿರ ನೀರು. ಇಂಥಲ್ಲಿ ಕಲ್ಲಿನ ಲೆಕ್ಕ ಸುಲಭ ಎಂದುಕೊಳ್ಳುವುದು ಸಹಜ, ಆದರೆ ಅದು ಹೆಚ್ಚು ಕೆಡುವುದು ಇಲ್ಲಿಯೇ. ಎರಡು ಸೆಕೆಂಡಿನಲ್ಲಿ 0.2 ತಡ ಹತ್ತನೇ ಒಂದು ಪಾಲು, ಒಂದು ಸೆಕೆಂಡಿನಲ್ಲಿ ಅದೇ ತಡ ಐದನೇ ಒಂದು ಪಾಲು. ಆಳ ಹೊತ್ತಿನ ವರ್ಗದಂತೆ ಹೋಗುವುದರಿಂದ ತಪ್ಪಿನ ಪಾಲು ಅದರ ಎರಡರಷ್ಟಾಗುತ್ತದೆ. ಜತೆಗೆ ಆ ಕಡೆ ತಪ್ಪಿಗೆ ಬೆಲೆಯೂ ಇದೆ. ಮೇಲೆ ಕೂರಿಸುವ ಮೊನೋಬ್ಲಾಕ್ ಪಂಪು ನೀರನ್ನು ಹೀರುವುದು ಹೊರಗಿನ ಗಾಳಿಯ ಒತ್ತಡದ ಬಲದಿಂದ. ಪುಸ್ತಕದ ಪ್ರಕಾರ 10.3 ಮೀಟರು, ಪೈಪಿನ ಘರ್ಷಣೆ, ಫುಟ್‌ವಾಲ್ವು, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದು ನಂಬುವಂಥದ್ದು 7 ಮೀಟರು. ನೀರು ಅದಕ್ಕಿಂತ ಕೆಳಗಿದ್ದರೆ ಪಂಪನ್ನು ಬಾವಿಯೊಳಗೆ ಇಳಿಸಬೇಕು, ಇಲ್ಲವೇ ದುಬಾರಿಯ ಮುಳುಗುಪಂಪು ಕೊಳ್ಳಬೇಕು.

ಓಲ್ಪಾಡ್ ಕಡೆಯ ಒಂದು ಬಾವಿಗೆ ನಮಗಿಂತ ಮೊದಲೇ ಬೇರೊಬ್ಬ ಮಾರಾಟಗಾರ ಬಂದು ಹೋಗಿದ್ದ. ಕಲ್ಲು ಹಾಕಿ, ಗಡಿಯಾರ ನೋಡಿ, 8.3 ಮೀಟರು ಎಂದು ಬರೆದು, ಮುಳುಗುಪಂಪಿನ ಬೆಲೆ ಕೊಟ್ಟಿದ್ದ. ಆ ಮನೆಯ ಹೆಂಗಸು ನನಗೆ ಚೀಟಿ ತೋರಿಸಿದರು. 8.3 ಬರಬೇಕಾದರೆ ಅವನ ಗಡಿಯಾರ 1.3 ತೋರಿಸಿರಬೇಕು, ಬೆರಳೂ ಸದ್ದೂ ಕಳೆದಿಲ್ಲ. ನನ್ನ 0.2 ಕಳೆದು ಲೆಕ್ಕ ಹಾಕಿದರೆ 5.75. ಅವನು ಮೋಸ ಮಾಡಿದ ಎಂದು ನಾನು ಹೇಳಲಾರೆ. ಆದರೆ ತಪ್ಪೆಲ್ಲ ಆಳದ ಕಡೆಗೇ ಬೀಳುವ ಈ ಲೆಕ್ಕ ಪಂಪು ಮಾರುವವರಿಗೆ ಎಂದೂ ನಷ್ಟ ಮಾಡುವುದಿಲ್ಲ, ಅದನ್ನು ತಿದ್ದಿಕೊಳ್ಳುವ ಆತುರ ನಮ್ಮ ಕಸುಬಿನಲ್ಲಿ ಯಾಕೆ ಕಡಿಮೆ ಎಂದು ಆವತ್ತು ನನಗೆ ಅರ್ಥವಾಯಿತು.

ಕಾಕಾ ಕಲ್ಲಿಗೆ ಕೈ ಹಾಕಲೇ ಇಲ್ಲ. "ಇಷ್ಟು ಹತ್ತಿರ ಇರೋ ನೀರಿಗೆ ಕಲ್ಲು ಯಾತಕ್ಕೆ, ಹಗ್ಗ ಬಿಡು" ಎಂದರು. ಬಿಟ್ಟೆವು, 5.7 ಮೀಟರು. ಮೊನೋಬ್ಲಾಕ್ ಸಾಕು ಎಂದು ನಾನು ಚೀಟಿ ಬರೆಯಲು ಹೊರಟಾಗ ಕಾಕಾ ತಡೆದು, "ಬೆನ್, ಬೇಸಿಗೆಯಲ್ಲಿ ನೀರು ಎಷ್ಟು ಇಳಿಯುತ್ತೆ?" ಎಂದು ಕೇಳಿದರು. ಬಾವಿಯ ಗೋಡೆಯಿಂದ ಕಲ್ಲಿನ ಮೆಟ್ಟಿಲುಗಳು ಹೊರಚಾಚಿದ್ದವು. ಕಾಲುವೆ ಮುಚ್ಚಿದ ತಿಂಗಳಲ್ಲಿ ಈಗ ಮುಳುಗಿರುವ ಮೆಟ್ಟಿಲಲ್ಲಿ ಎರಡು ಮೇಲೆ ಕಾಣುತ್ತವೆ ಎಂದು ಆಕೆ ಹೇಳಿದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಅರ್ಧ ಮೀಟರಿಗೂ ಹೆಚ್ಚಿತ್ತು. 5.7ಕ್ಕೆ ಅದನ್ನು ಕೂಡಿದರೆ ಹೀರುವ ಮಿತಿಯ ಅಂಚಿಗೇ ಬರುತ್ತದೆ. ಕಟ್ಟೆಯಿಂದ ಒಂದೂವರೆ ಮೀಟರು ಕೆಳಗೆ ಗೋಡೆಗೆ ಎರಡು ಕಬ್ಬಿಣದ ತೊಲೆ ಕೂರಿಸಿ, ಅದರ ಮೇಲೆ ಪಂಪು ಇಟ್ಟೆವು.